ಉರಿ ಕಮ್ಮಿ ಆಗ್ಯಾದ, ಆದ್ರ ರೊಟ್ಟಿ ಇಳಿವಲ್ದು

ನಮ್ಮ ಕಲಬುರಗಿ ಕಡೆ ಎದೆಯುರಿಯನ್ನು ಯಾರೂ ರೋಗದ ಲೆಕ್ಕಕ್ಕೆ ಹಿಡಿಯೋದಿಲ್ಲ. ಮಿರ್ಚಿ ಭಜಿ ತಿಂದ್ರೆ ಉರಿಯುತ್ತೆ, ಸೋಡಾ ಪುಡಿ ಕುಡಿದ್ರೆ ಹೋಗುತ್ತೆ, ಅಷ್ಟೇ. ಕಿರಾಣಿ ಅಂಗಡಿಯಲ್ಲಿ ಶಾಂಪೂ ಪಾಕೀಟಿನ ಪಕ್ಕದಲ್ಲೇ ಆ ಪುಡಿಯ ಪಾಕೀಟೂ ನೇತಾಡುತ್ತಿರುತ್ತೆ. ನಮ್ಮದೇ ಬಳಗದಲ್ಲಿ ಮೂರು ಜನಕ್ಕೆ ವರ್ಷಗಟ್ಟಲೆ ಎದೆಯುರಿ ಇತ್ತು: ಆಳಂದದಲ್ಲಿ ದೊಡ್ಡಪ್ಪನ ಮಗ ಅಣ್ಣ, ಅಫಜಲಪುರದಲ್ಲಿ ಸಣ್ಣವ್ವ, ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಮಾ. ಮೂವರೂ ಹೇಳುತ್ತಿದ್ದದ್ದು ಒಂದೇ ಮಾತು, "ಆಸಿಡಿಟಿ ಅದ." ಆದ್ರೆ ಡಾಕ್ಟರ್ ಮೂವರಿಗೂ ಬೇರೆ ಬೇರೆ ದಾರಿ ತೋರಿಸಿದ್ರು. ಒಬ್ಬರಿಗೆ ಎಂಡೋಸ್ಕೋಪಿ ಬೇಡವೇ ಬೇಡ ಅಂದ್ರು, ಒಬ್ಬರಿಗೆ ಸ್ವಲ್ಪ ಕಾದು ನೋಡೋಣ ಅಂದ್ರು, ಇನ್ನೊಬ್ಬರಿಗೆ ಮಾತ್ರೆ ಬದಲಿಸುವ ಮೊದಲೇ ಎಂಡೋಸ್ಕೋಪಿ ಆಗಬೇಕು ಅಂದ್ರು. ಯಾಕೆ ಹೀಗೆ ಅನ್ನೋದೇ ಈ ಬರಹ.

ಮೊದಲು ಪೈಪಿನ ವಿಷಯ. ಬಾಯಿಂದ ಜಠರದವರೆಗೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮಾಂಸಖಂಡದ ಕೊಳವೆ. ಅದರ ಕೆಳತುದಿಯಲ್ಲಿ ಒಂದು ಬಿಗಿಯಾದ ಉಂಗುರ ಇದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ನಾನ್-ರಿಟರ್ನ್ ವಾಲ್ವ್. ನುಂಗಿದಾಗ ತೆರೆಯಬೇಕು, ಉಳಿದ ಹೊತ್ತು ಮುಚ್ಚಿರಬೇಕು. ಸುತ್ತಲಿನ ವಪೆ ಹೊರಗಿನಿಂದ ಅದನ್ನು ಇನ್ನಷ್ಟು ಬಿಗಿ ಮಾಡುತ್ತೆ. ಹೊಟ್ಟೆ ತುಂಬಿ ಉಬ್ಬಿದಾಗ ಈ ವಾಲ್ವ್ ನುಂಗದೇ ಇದ್ರೂ ಆಗಾಗ ಸಡಿಲ ಆಗುತ್ತೆ. ತೇಗು ಬರೋದು ಹಾಗೇ. ಎಲ್ಲರಿಗೂ ಸ್ವಲ್ಪ ಆಮ್ಲ ಹೀಗೆ ಮೇಲೆ ಬರುತ್ತೆ, ಎಂಜಲು ಅದನ್ನು ತೊಳೆದುಬಿಡುತ್ತೆ. ವಾಲ್ವ್ ಪದೇ ಪದೇ ಸಡಿಲ ಆದ್ರೆ, ಅಥವಾ ಜಠರದ ಮೇಲ್ಭಾಗ ವಪೆಯ ರಂಧ್ರದಿಂದ ಎದೆಯೊಳಗೆ ಸರಿದ್ರೆ, ಆಮ್ಲ ಹೆಚ್ಚು ಹೊತ್ತು ಮೇಲೆ ನಿಲ್ಲುತ್ತೆ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಅಂದ್ರೆ ಹೆಚ್ಚಿನವರಲ್ಲಿ ತೊಂದರೆ "ಆಮ್ಲ ಜಾಸ್ತಿ" ಅಂತಲ್ಲ, ಆಮ್ಲ ಇರಬಾರದ ಜಾಗಕ್ಕೆ ಬಂದಿದೆ ಅಂತ.

ಈಗ ಸೋಡಾ ಪುಡಿ ಏನು ಮಾಡುತ್ತೆ ನೋಡಿ. ಪಿಯುಸಿ ಕೆಮಿಸ್ಟ್ರಿಯ ಸಮೀಕರಣವೇ ಸಾಕು:

NaHCO3 + HCl → NaCl + H2O + CO2

ಆ ಕ್ಷಣ ಅಲ್ಲಿ ಇರುವ ಆಮ್ಲ ಉಪ್ಪು-ನೀರಾಗುತ್ತೆ, ಗ್ಯಾಸ್ ತೇಗಾಗಿ ಹೊರಗೆ ಬರುತ್ತೆ. ಐದು ನಿಮಿಷದಲ್ಲಿ ಹಾಯ್ ಅನಿಸೋದು ಸುಳ್ಳಲ್ಲ. ಆದ್ರೆ ಜಠರ ದಿನಕ್ಕೆ ಒಂದೂವರೆ-ಎರಡು ಲೀಟರ್ ರಸ ಮಾಡುತ್ತೆ. ಖಾಲಿ ಹೊಟ್ಟೆಯಲ್ಲಿ ಆಂಟಾಸಿಡ್ ಅರ್ಧ ಗಂಟೆ, ಹೆಚ್ಚಂದ್ರೆ ಒಂದು ಗಂಟೆ ಕೆಲಸ ಮಾಡಿ ಮುಂದಕ್ಕೆ ಹೋಗುತ್ತೆ. ಊಟದ ಮೇಲೆ ತಗೊಂಡ್ರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೆ. ವಾಲ್ವ್ ಮಾತ್ರ ಇದ್ದ ಹಾಗೇ ಇರುತ್ತೆ, ಗೋಡೆಯಲ್ಲಿ ಹುಣ್ಣಾಗಿದ್ರೆ ಅದೂ ಇದ್ದ ಹಾಗೇ ಇರುತ್ತೆ. ತಿಂಗಳಿಗೆ ಎರಡು ಸಲ ಮದುವೆ ಊಟ ಮಾಡಿ ಉರಿದವರಿಗೆ ಇಷ್ಟು ಸಾಕು. ದಿನಾ ಬೇಕಾಗುವವರಿಗೆ ಸಾಕಾಗೋದಿಲ್ಲ.

ಆಳಂದದ ಅಣ್ಣನಿಗೆ 24 ವರ್ಷ, ಮೊಬೈಲ್ ರಿಪೇರಿ ಅಂಗಡಿ. ರಾತ್ರಿ ಹತ್ತೂವರೆಗೆ ಅಂಗಡಿ ಮುಚ್ಚಿ, ಹನ್ನೊಂದಕ್ಕೆ ಹೊಟ್ಟೆ ತುಂಬಾ ಉಂಡು, ಹನ್ನೊಂದೂವರೆಗೆ ಮಲಗುತ್ತಿದ್ದ. ವಾರದಲ್ಲಿ ನಾಲ್ಕೈದು ದಿನ ಎದೆ ಉರಿ, ಬಾಯಿಗೆ ಹುಳಿ ನೀರು. ಬೇರೆ ಏನೂ ಇಲ್ಲ: ಊಟ ಸಲೀಸಾಗಿ ಇಳಿಯುತ್ತೆ, ತೂಕ ಇಳಿದಿಲ್ಲ, ಮಲ ಕಪ್ಪಾಗಿಲ್ಲ. ಡಾಕ್ಟರ್ ಇದಿಷ್ಟನ್ನೂ ಕೇಳಿಕೊಂಡು ಎಂಡೋಸ್ಕೋಪಿ ಬೇಡ ಅಂದ್ರು. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ದಿನಕ್ಕೆ ಒಂದು, ನಾಷ್ಟಾಕ್ಕೆ ಅರ್ಧ ಗಂಟೆ ಮೊದಲು, 8 ವಾರ. ಜೊತೆಗೆ ಊಟಕ್ಕೂ ಮಲಗೋದಕ್ಕೂ ನಡುವೆ ಮೂರು ಗಂಟೆ ಬಿಡಬೇಕು. ಎಂಟು ವಾರ ಆದಮೇಲೆ ಮಾತ್ರೆ ನಿಲ್ಲಿಸಿದ. ಮೊದಲ ವಾರ ಸ್ವಲ್ಪ ಉರಿ ಬಂತು. ಇದನ್ನೂ ಡಾಕ್ಟರ್ ಮೊದಲೇ ಹೇಳಿದ್ರು: ತಿಂಗಳುಗಟ್ಟಲೆ ತಡೆದಿಟ್ಟ ಜಠರ ಮಾತ್ರೆ ಬಿಟ್ಟಾಗ ಕೆಲವು ದಿನ ಹೆಚ್ಚು ಆಮ್ಲ ಮಾಡುತ್ತೆ, ಅದನ್ನು ಕಂಡು ಗಾಬರಿಯಾಗಿ ಮತ್ತೆ ಶುರು ಮಾಡಬೇಡ ಅಂತ. ಈಗ ಅಂಗಡಿಗೆ ಡಬ್ಬಿ ತರಿಸಿಕೊಂಡು ಎಂಟಕ್ಕೇ ಉಣ್ಣುತ್ತಾನೆ. ಅವನ ಕತೆ ಅಲ್ಲಿಗೆ ಮುಗೀತು.

ಸಣ್ಣವ್ವನ ಕತೆ ಅಷ್ಟು ಬೇಗ ಮುಗಿಯಲಿಲ್ಲ. ಅವಳು ಅದೇ ಪ್ಯಾಂಟೊಪ್ರಜೋಲನ್ನು ಎರಡು ವರ್ಷದಿಂದ ಮೆಡಿಕಲ್ ಅಂಗಡಿಯಿಂದ ತಂದು ನುಂಗುತ್ತಿದ್ದಳು. "ಈ ಗುಳಿಗಿ ನನಗ ಹತ್ತಂಗಿಲ್ಲ" ಅನ್ನೋದು ಅವಳ ದೂರು. ಅವಳು ನುಂಗುತ್ತಿದ್ದದ್ದು ಯಾವಾಗ ಅಂದ್ರೆ, ರಾತ್ರಿ ಊಟ ಆಗಿ ಎದೆ ಉರಿಯೋಕೆ ಶುರುವಾದ ಮೇಲೆ. ಉರಿ ಇಲ್ಲದ ದಿನ ಇಲ್ಲವೇ ಇಲ್ಲ.

ಇಲ್ಲಿ ಮಾತ್ರೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿರಬೇಕು. ಜಠರದ ಗೋಡೆಯ ಜೀವಕೋಶಗಳಲ್ಲಿ ಆಮ್ಲ ಹೊರಗೆ ಹಾಕುವ ಸಣ್ಣ ಸಣ್ಣ ಪಂಪುಗಳಿವೆ. ಈ ಮಾತ್ರೆ ಇರುವ ಆಮ್ಲವನ್ನು ಮುಟ್ಟೋದಿಲ್ಲ, ರಕ್ತದ ಮೂಲಕ ಹೋಗಿ ಪಂಪನ್ನೇ ಬಂದ್ ಮಾಡುತ್ತೆ. ಆದ್ರೆ ಚಾಲೂ ಇರುವ ಪಂಪನ್ನು ಮಾತ್ರ ಬಂದ್ ಮಾಡಬಲ್ಲದು. ಪಂಪುಗಳು ಒಟ್ಟಿಗೆ ಚಾಲೂ ಆಗೋದು ಊಟ ಒಳಗೆ ಹೋದಾಗ. ಔಷಧಿ ರಕ್ತದಲ್ಲಿ ಇರೋದು ಒಂದೆರಡು ಗಂಟೆ ಅಷ್ಟೇ. ಹಾಗಾಗಿ ಪಂಪ್ ಶುರುವಾಗುವ ಹೊತ್ತಿಗೆ ಔಷಧಿ ಅಲ್ಲಿ ಇರಬೇಕಂದ್ರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ದೇಹ ದಿನಾ ಹೊಸ ಪಂಪುಗಳನ್ನು ಮಾಡುತ್ತಿರೋದರಿಂದ ದಿನಾ ನುಂಗಬೇಕು, ಪೂರ್ತಿ ಪರಿಣಾಮ ಕಾಣೋಕೆ ಮೂರ್ನಾಲ್ಕು ದಿನ ಬೇಕು. ಉರಿ ಬಂದ ಮೇಲೆ ನುಂಗಿದ್ರೆ ಅದು ಆ ರಾತ್ರಿಯ ಉರಿಗೆ ತಡವಾಗಿ ಬಂದ ಬಸ್ಸಿನ ಹಾಗೆ.

ಅಫಜಲಪುರದ ಡಾಕ್ಟರ್ ಹೊಸ ಮಾತ್ರೆ ಬರೆಯಲಿಲ್ಲ. ಹಳೇ ಮಾತ್ರೆಯ ಹೊತ್ತು ಬದಲಿಸಿದ್ರು, 8 ವಾರ ಒಂದು ದಿನಾನೂ ತಪ್ಪಿಸಬೇಡಿ ಅಂದ್ರು. ಮಂಚದ ತಲೆ ಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಇಡೋಕೆ ಹೇಳಿದ್ರು, ಸುಮಾರು ಒಂದು ಗೇಣು ಎತ್ತರ. ಎರಡು ದಿಂಬು ಹಾಕಿಕೊಂಡ್ರೆ ಕುತ್ತಿಗೆ ಮಾತ್ರ ಬಗ್ಗುತ್ತೆ, ಹೊಟ್ಟೆ ಮಡಚಿಕೊಳ್ಳುತ್ತೆ. ಮಂಚವೇ ಇಳಿಜಾರಾದ್ರೆ ಮೇಲೆ ಬಂದ ಆಮ್ಲ ತನ್ನಷ್ಟಕ್ಕೆ ಕೆಳಗೆ ಹೋಗುತ್ತೆ. ನಿದ್ದೆಯಲ್ಲಿ ನಾವು ಎಂಜಲು ನುಂಗೋದು ತುಂಬಾ ಕಡಿಮೆ, ತೊಳೆಯುವ ಕೆಲಸವನ್ನು ಗುರುತ್ವಾಕರ್ಷಣೆಯೇ ಮಾಡಬೇಕು.

ಸಣ್ಣವ್ವನಿಗೆ ಉರಿ ಹೋಯ್ತು. ಆದ್ರೆ ಮಾತ್ರೆ ನಿಲ್ಲಿಸಿ ಒಂದೂವರೆ ತಿಂಗಳಿಗೆ ಮೊದಲಿನ ಹಾಗೇ ವಾಪಸ್ ಬಂತು. ಎಂಡೋಸ್ಕೋಪಿ ಮಾಡಿಸೋಕೆ ಇದು ಒಂದು ಸರಿಯಾದ ಕಾರಣ: ಸರಿಯಾಗಿ 8 ವಾರ ತಗೊಂಡ್ರೂ ಕಡಿಮೆ ಆಗದೇ ಇರೋದು, ಅಥವಾ ಬಿಟ್ಟ ಮೇಲೆ ಮತ್ತೆ ಬರೋದು. ಈ ಸಲ ಡಾಕ್ಟರ್ ಎರಡು ವಾರ ಮಾತ್ರೆ ಬಿಟ್ಟೇ ಕಲಬುರಗಿಗೆ ಹೋಗಿ ಅಂದ್ರು. ಮಾತ್ರೆ ತಗೊಳ್ಳುತ್ತಾ ಹೋದ್ರೆ ಹುಣ್ಣು ಮಾಗಿರುತ್ತೆ, ರಿಪೋರ್ಟ್ ನಾರ್ಮಲ್ ಬರುತ್ತೆ, ಹುಣ್ಣು ಇತ್ತೋ ಇಲ್ಲವೋ ಅನ್ನೋದೇ ಗೊತ್ತಾಗೋದಿಲ್ಲ. ಮಾತ್ರೆ ಬಿಟ್ಟಾಗಲೂ ಅವಳ ರಿಪೋರ್ಟ್ ನಾರ್ಮಲ್ಲೇ ಬಂತು. ಮನೆಯಲ್ಲಿ ಒಬ್ಬರು "ಎಲ್ಲಾ ಮನಸಿನ ಬ್ಯಾನಿ" ಅಂದುಬಿಟ್ರು. ಅದು ಸರಿಯಲ್ಲ. ಎದೆಯುರಿ ಇರುವ ಅರ್ಧಕ್ಕಿಂತ ಹೆಚ್ಚು ಜನರ ಅನ್ನನಾಳ ಕ್ಯಾಮೆರಾದಲ್ಲಿ ನಾರ್ಮಲ್ ಆಗಿಯೇ ಕಾಣುತ್ತೆ. ಆಮ್ಲ ಬಂದು ಹೋಗೋದನ್ನು ಕ್ಯಾಮೆರಾ ಹಿಡಿಯೋದಿಲ್ಲ, ಗಾಯವನ್ನು ಮಾತ್ರ ಹಿಡಿಯುತ್ತೆ. ಆಮ್ಲವನ್ನೇ ಅಳೆಯೋಕೆ ಬೇರೆ ಪರೀಕ್ಷೆ ಇದೆ. ಮೂಗಿನಿಂದ ಸಣ್ಣ ತಂತಿ ಇಳಿಸಿ 24 ಗಂಟೆ ಪಿಎಚ್ ರೆಕಾರ್ಡ್ ಮಾಡ್ತಾರೆ. ಒಟ್ಟು ಸಮಯದ 6 ಶೇಕಡಾಕ್ಕಿಂತ ಹೆಚ್ಚು ಹೊತ್ತು, ಅಂದ್ರೆ ದಿನಕ್ಕೆ ಸುಮಾರು 86 ನಿಮಿಷಕ್ಕಿಂತ ಹೆಚ್ಚು, ಪಿಎಚ್ 4ಕ್ಕಿಂತ ಕೆಳಗಿದ್ರೆ ರಿಫ್ಲಕ್ಸ್ ನಿಜ ಅಂತ ಲೆಕ್ಕ. ಸಣ್ಣವ್ವ ಅದಕ್ಕೆ ಇನ್ನೂ ಹೋಗಿಲ್ಲ. ಸದ್ಯಕ್ಕೆ 20 ಮಿಲಿಗ್ರಾಂನಲ್ಲೇ ಆರಾಮ ಇದ್ದಾಳೆ.

ಇನ್ನು ಮಾಮಾ. ಈ ಬರಹ ಬರೆಯೋಕೆ ಕಾರಣ ಅವರೇ.

ಮಾಮಾಗೆ 56 ವರ್ಷ, ತೊಗರಿ ಹೊಲ ಇದೆ, ಬಾಯಲ್ಲಿ ಸದಾ ತಂಬಾಕು-ಸುಣ್ಣ. ಹತ್ತು-ಹನ್ನೆರಡು ವರ್ಷದಿಂದ ಎದೆಯುರಿ. ಅಂಗಿ ಜೇಬಿನಲ್ಲಿ ಯಾವಾಗಲೂ ಸೋಡಾ ಪುಡಿಯ ಎರಡು ಪಾಕೀಟು ಇರುತ್ತಿದ್ವು. ಹೋದ ವರ್ಷ ಮಾತ್ರ ಅವರು ಖುಷಿಯಲ್ಲಿದ್ರು. "ಈಗ ಉರಿ ಭಾಳ ಕಮ್ಮಿ ಆಗ್ಯಾದ" ಅಂತ ಎಲ್ಲರಿಗೂ ಹೇಳುತ್ತಿದ್ರು. ಪಾಕೀಟೂ ಜೇಬಿನಿಂದ ಹೋಗಿತ್ತು. ಆದ್ರೆ ಊಟಕ್ಕೆ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ರು, ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ರು. ಅತ್ತಿ ಅವರ ರೊಟ್ಟಿಯನ್ನು ಮುರಿದು ಬ್ಯಾಳಿ ಸಾರಿನಲ್ಲಿ ನೆನೆಸಿ ಕೊಡುತ್ತಿದ್ದಳು. ಹಲ್ಲು ಹಾಳಾಗಿವೆ, ಅದಕ್ಕೆ ಹೀಗೆ ಅಂತ ಎಲ್ಲರೂ ತಿಳಿದಿದ್ರು.

ಜೇವರ್ಗಿಯ ಡಾಕ್ಟರ್ ಹತ್ತಿರ ಅವರು ಹೋಗಿದ್ದು ಸುಸ್ತು ಅಂತ. ನಾನು ಜೊತೆಗಿದ್ದೆ. ಮೊದಲು ಇಸಿಜಿ ಮಾಡಿಸಿದ್ರು, ಅದು ಸರಿ ಇತ್ತು. ಆಮೇಲೆ ಡಾಕ್ಟರ್ ಕೇಳಿದ ಪ್ರಶ್ನೆ ನನಗೆ ವಿಚಿತ್ರ ಅನಿಸ್ತು.

"ಯಜಮಾನ್ರ, ರೊಟ್ಟಿ ಹ್ಯಾಂಗ ತಿಂತೀರಿ?"

"ಸಾರಿನಾಗ ನೆನಸಿ ತಿಂತೀನ್ರಿ."

"ಒಣಾ ರೊಟ್ಟಿ ತಿಂದ್ರ ಏನಾಗ್ತದ?"

"ಇಲ್ಲಿ ನಿಂದರ್ತದ್ರಿ," ಅಂತ ಮಾಮಾ ಎದೆಯ ನಡುವೆ ಬೆರಳಿಟ್ಟು ತೋರಿಸಿದ್ರು. "ಎಳ್ಳ ಅಮಾಸಿಗಿ ಹೊಲದಾಗ ಸಜ್ಜಿ ರೊಟ್ಟಿ ನಿಂತಿತ್ತು. ಅವತ್ತಿನಿಂದ ನೆನಸೇ ತಿಂತೀನಿ."

ಎಳ್ಳ ಅಮಾವಾಸ್ಯೆ ಆಗಿ ಆಗ ಏಳು ತಿಂಗಳಾಗಿತ್ತು. ಡಾಕ್ಟರ್ ತೂಕ ನೋಡಿದ್ರು: 61 ಕಿಲೋ. ಅದೇ ಆಸ್ಪತ್ರೆಯ ಹಳೇ ಚೀಟಿಯಲ್ಲಿ 68 ಇತ್ತು. ಆಂಟಾಸಿಡ್ ಇರಲಿ, 8 ವಾರದ ಮಾತ್ರೆಯ ಮಾತನ್ನೂ ಅವರು ಎತ್ತಲಿಲ್ಲ. ಈ ವಾರವೇ ಎಂಡೋಸ್ಕೋಪಿ ಮಾಡಿಸಿ ಅಂದ್ರು.

ಕಾರಣ ಹೀಗಿದೆ. ಅನ್ನನಾಳ ಹಿಗ್ಗಿದಾಗ ಎರಡು ಸೆಂಟಿಮೀಟರಿನಷ್ಟು ಅಗಲ ಆಗುತ್ತೆ. ಆಮ್ಲದಿಂದ ಹುಣ್ಣಾಗಿ, ಮಾಗಿ, ಮತ್ತೆ ಹುಣ್ಣಾಗಿ, ವರ್ಷಗಳಲ್ಲಿ ಅಲ್ಲಿ ಗಾಯದ ಗಟ್ಟಿ ಕಲೆ ಕಟ್ಟುತ್ತೆ. ಸುಟ್ಟ ಚರ್ಮ ಸೆಳೆದುಕೊಳ್ಳುವ ಹಾಗೆ ಪೈಪು ಸೆಳೆದುಕೊಂಡು ಸಣ್ಣದಾಗುತ್ತೆ. ಸುಮಾರು 13 ಮಿಲಿಮೀಟರಿಗಿಂತ ಕಿರಿದಾದಾಗ ಗಟ್ಟಿ ಆಹಾರ ನಿಲ್ಲೋಕೆ ಶುರು. ಮೊದಲು ರೊಟ್ಟಿ, ಮಾಂಸ. ಆಮೇಲೆ ಅನ್ನ. ಕೊನೆಗೆ ನೀರು. ಪೈಪು ಕಿರಿದಾದಾಗ ಕೆಲವರಲ್ಲಿ ಆಮ್ಲ ಮೇಲೆ ಬರೋದೂ ಕಡಿಮೆ ಆಗುತ್ತೆ, ಉರಿ ತಗ್ಗುತ್ತೆ. ಅಂದ್ರೆ ಮಾಮಾ ಒಳ್ಳೇ ಸುದ್ದಿ ಅಂದುಕೊಂಡಿದ್ದೇ ಕೆಟ್ಟ ಸುದ್ದಿ ಆಗಿರಬಹುದಿತ್ತು. ಅನ್ನನಾಳದ ಕ್ಯಾನ್ಸರೂ ಇದೇ ಕ್ರಮದಲ್ಲಿ ಆಹಾರ ನಿಲ್ಲಿಸುತ್ತೆ, ತಂಬಾಕು ಅದಕ್ಕೆ ದೊಡ್ಡ ಕಾರಣ. ಗಾಯದ ಕಲೆಯೋ ಗಡ್ಡೆಯೋ ಅಂತ ಹೊರಗಿನಿಂದ ಕೇಳಿ ಹೇಳೋಕೆ ಆಗೋದಿಲ್ಲ. ಮಾತ್ರೆ ಕೊಟ್ಟು ಎರಡು ತಿಂಗಳು ಕಾದ್ರೆ, ಗಡ್ಡೆ ಇದ್ದವರು ಆ ಎರಡು ತಿಂಗಳನ್ನು ಕಳೆದುಕೊಳ್ಳುತ್ತಾರೆ. ಒಳಗೆ ನೋಡಲೇಬೇಕು, ಚೂರು ತೆಗೆದು ಪರೀಕ್ಷೆ ಮಾಡಲೇಬೇಕು.

ಮಾಮಾಗೆ ಹೆದರಿಕೆ ಇದ್ದದ್ದು ರಿಪೋರ್ಟಿಗಲ್ಲ, ಪೈಪಿಗೆ. "ಅಷ್ಟುದ್ದ ಪೈಪ್ ಹಾಕಿದ್ರ ಉಸುರು ಹ್ಯಾಂಗ ತಗೊಳ್ಳದು?" ಅಂತ ಜೇವರ್ಗಿಯಿಂದ ಕಲಬುರಗಿವರೆಗೂ ಬಸ್ಸಿನಲ್ಲಿ ಅದೇ ಪ್ರಶ್ನೆ. ಉತ್ತರ ಸುಲಭ: ಪೈಪು ಅನ್ನನಾಳದಲ್ಲಿ ಹೋಗುತ್ತೆ, ಶ್ವಾಸನಾಳ ಬೇರೆ, ಮೂಗಿನಿಂದ ಉಸಿರಾಡುತ್ತಲೇ ಇರಬಹುದು. ಹಿಂದಿನ ರಾತ್ರಿಯಿಂದ ಉಪವಾಸ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ರಿಂಗ್ ಇಟ್ಟು, ಕಿರುಬೆರಳಿನಷ್ಟು ದಪ್ಪದ ಪೈಪು ಇಳಿಸ್ತಾರೆ. ಎರಡು-ಮೂರು ಸಲ ವಾಂತಿ ಬಂದ ಹಾಗೆ ಆಗುತ್ತೆ. ನೋಡಿ ಮುಗಿಸೋಕೆ ಐದರಿಂದ ಹತ್ತು ನಿಮಿಷ. ಗಂಟಲಿನ ಮರಗಟ್ಟು ಹೋಗುವವರೆಗೆ ನೀರು ಕೊಡೋದಿಲ್ಲ, ಅದು ಶ್ವಾಸನಾಳಕ್ಕೆ ಹೋಗಬಹುದು ಅಂತ. ನಿದ್ದೆಯ ಇಂಜೆಕ್ಷನ್ ತಗೊಂಡವರ ಜೊತೆ ಮನೆಯವರು ಇರಲೇಬೇಕು.

ಹೊರಗೆ ಕೂತಾಗ ನನಗೆ ನೆನಪಾಗಿದ್ದು ಫೈಬರ್ ಆಪ್ಟಿಕ್ಸ್. 1954ರಲ್ಲಿ ಪಂಜಾಬ್ ಮೂಲದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಎಳೆಗಳ ಕಟ್ಟಿನಿಂದ ಚಿತ್ರ ಸಾಗಿಸಬಹುದು ಅಂತ ನೇಚರ್ ಪತ್ರಿಕೆಯಲ್ಲಿ ಬರೆದ್ರು. ಅದನ್ನು ಓದಿದ ಬೇಸಿಲ್ ಹರ್ಶೊವಿಟ್ಜ್ ಎಂಬ ಡಾಕ್ಟರ್ ಅಮೆರಿಕದಲ್ಲಿ ಬಗ್ಗುವ ಎಂಡೋಸ್ಕೋಪ್ ಮಾಡಿಸಿ, 1957ರಲ್ಲಿ ಮೊದಲು ತಾನೇ ನುಂಗಿ ನೋಡಿದ್ರು. ಈಗ ಗಾಜಿನ ಎಳೆಯ ಬದಲು ತುದಿಯಲ್ಲೇ ಕ್ಯಾಮೆರಾ ಚಿಪ್ ಇರುತ್ತೆ.

ರಿಪೋರ್ಟಿನಲ್ಲಿ ಮೂರು ಮಾತಿದ್ವು. ಜಠರದ ಮೇಲ್ಭಾಗ ಮೂರು ಸೆಂಟಿಮೀಟರ್ ಎದೆಯೊಳಗೆ ಸರಿದಿದೆ. ಅನ್ನನಾಳದ ಕೆಳಗೆ ಹುಣ್ಣು, ಲಾಸ್ ಏಂಜಲೀಸ್ ಗ್ರೇಡ್ ಸಿ. ಎ ಅಂದ್ರೆ ಅರ್ಧ ಸೆಂಟಿಮೀಟರಿನೊಳಗಿನ ಗೀರು, ಡಿ ಅಂದ್ರೆ ಹುಣ್ಣು ಪೈಪಿನ ಹೆಚ್ಚುಕಡಿಮೆ ಸುತ್ತಲೂ ಹಬ್ಬಿದೆ ಅಂತ. ಸಿ ಅದರ ಹಿಂದಿನ ಮೆಟ್ಟಿಲು. ಮೂರನೇದು, ಹುಣ್ಣಿನ ಜಾಗದಲ್ಲಿ ಪೈಪು ಕಿರಿದಾಗಿದೆ, ಎಂಡೋಸ್ಕೋಪ್ ಒತ್ತಿದ ಮೇಲೆ ದಾಟಿತು. ಅಲ್ಲಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿದ್ರು. ಆ ರಿಪೋರ್ಟ್ ಬರೋವರೆಗಿನ ದಿನಗಳಲ್ಲಿ ಅತ್ತಿ ಸರಿಯಾಗಿ ಉಣ್ಣಲೇ ಇಲ್ಲ. ಬಂದ ಮೇಲೆ ಕ್ಯಾನ್ಸರ್ ಇಲ್ಲ, ಬರೀ ಉರಿಯೂತ ಅಂತಿತ್ತು.

ಚಿಕಿತ್ಸೆ ಎರಡು ಕಡೆಯಿಂದ. ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮೊದಲು. ಕಿರಿದಾದ ಜಾಗಕ್ಕೆ ಎಂಡೋಸ್ಕೋಪ್ ಮೂಲಕ ಬಲೂನ್ ಇಳಿಸಿ ಹಿಗ್ಗಿಸೋದು. ಒಂದೇ ಸಲ ಪೂರ್ತಿ ಹಿಗ್ಗಿಸೋದಿಲ್ಲ, ಒಂದು ಸಲಕ್ಕೆ ಮೂರು ಮಿಲಿಮೀಟರಿನಷ್ಟೇ. ಅವಸರ ಮಾಡಿದ್ರೆ ಗೋಡೆ ಹರಿಯಬಹುದು. ಎರಡು ವಾರಕ್ಕೊಮ್ಮೆ ಮೂರು ಸಲ ಮಾಡಿ 15 ಮಿಲಿಮೀಟರಿಗೆ ತಂದ್ರು. ಎರಡು ತಿಂಗಳು ಬಿಟ್ಟು ಇನ್ನೊಂದು ಎಂಡೋಸ್ಕೋಪಿ ಆಯ್ತು. ಹುಣ್ಣು ಮಾಗಿದೆಯಾ ಅಂತ ನೋಡೋಕೆ ಮಾತ್ರ ಅಲ್ಲ. ಇಷ್ಟು ವರ್ಷದ ಆಮ್ಲಕ್ಕೆ ಅನ್ನನಾಳದ ಒಳಪದರದ ಜೀವಕೋಶಗಳೇ ಬದಲಾಗಿಬಿಡುತ್ತವೆ, ಅದನ್ನು ಬ್ಯಾರೆಟ್ ಅಂತಾರೆ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗೋದಿಲ್ಲ, ಆದ್ರೂ ಕಣ್ಣಿಟ್ಟಿರಬೇಕು. ಹುಣ್ಣು ತುಂಬಿದ್ದಾಗ ಅದು ಅಡಿಯಲ್ಲಿ ಮುಚ್ಚಿಹೋಗಿರುತ್ತೆ. ಮಾಮಾಗೆ ಅದು ಇರಲಿಲ್ಲ. ಮಾತ್ರೆ ಮಾತ್ರ ಬಿಡೋ ಹಾಗಿಲ್ಲ, ಯಾಕಂದ್ರೆ ವಾಲ್ವ್ ಇನ್ನೂ ಸಡಿಲವೇ ಇದೆ. ಬಿಟ್ರೆ ಮತ್ತೆ ಹುಣ್ಣು, ಮತ್ತೆ ಕಲೆ. ತಂಬಾಕು ಬಿಡಿಸೋದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಅದು ಇನ್ನೂ ನಡೆದಿದೆ.

ಹಾಗಾದ್ರೆ ಯಾರು ಮಾತ್ರೆಗೆ ಕಾಯದೆ ನೇರ ಎಂಡೋಸ್ಕೋಪಿಗೆ ಹೋಗಬೇಕು? ನುಂಗಿದ್ದು ನಿಲ್ಲುವವರು, ನುಂಗುವಾಗ ನೋಯುವವರು, ಪ್ರಯತ್ನ ಮಾಡದೇ ತೂಕ ಇಳಿದವರು, ರಕ್ತ ಕಡಿಮೆ ಇದೆ ಅನಿಸಿಕೊಂಡವರು, ವಾಂತಿ ನಿಲ್ಲದವರು, ವಾಂತಿಯಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡವರು. ರಕ್ತ ಅಥವಾ ಕಪ್ಪು ಮಲ ಕಂಡ್ರೆ ಅದೇ ದಿನ ಆಸ್ಪತ್ರೆಗೆ. ತುತ್ತು ಸಿಕ್ಕಿ ಎಂಜಲೂ ಇಳಿಯದೇ ಇದ್ರೆ ಅದೂ ಅದೇ ದಿನದ ಕೆಲಸ, ಮೇಲೆ ನೀರು ಕುಡಿದು ತಳ್ಳಬಾರದು. ಎದೆಯ ಉರಿ ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಬಂದು, ಬೆವರಿ, ಕೈಗೋ ದವಡೆಗೋ ಹಬ್ಬಿದ್ರೆ ಮೊದಲು ಇಸಿಜಿ, ಹೊಟ್ಟೆಯ ಮಾತು ಆಮೇಲೆ.

ನಮ್ಮ ಕಡೆ ಮನುಷ್ಯರು ರೋಗವನ್ನು ಡಾಕ್ಟರಿಗೆ ಹೇಳೋದಕ್ಕಿಂತ ಮೊದಲು ಊಟವನ್ನೇ ಬದಲಿಸಿಕೊಳ್ತಾರೆ. ಖಡಕ್ ರೊಟ್ಟಿ ಹೋಗಿ ಬಿಸಿ ರೊಟ್ಟಿ, ಆಮೇಲೆ ನೆನೆಸಿದ ರೊಟ್ಟಿ, ಆಮೇಲೆ ಗಂಜಿ. ಪ್ರತಿ ಹೆಜ್ಜೆಗೂ ವಯಸ್ಸು, ಹಲ್ಲು, ಬಾಯಿರುಚಿ ಅಂತ ಒಂದು ಕಾರಣ ಸಿಗುತ್ತೆ. ಅದಕ್ಕೇ "ಎದಿ ಉರಿತದೇನು?" ಅಂತ ಕೇಳಿದ್ರೆ "ಇಲ್ಲ, ಆರಾಮ ಇದೀನಿ" ಅನ್ನೋ ಉತ್ತರ ಬರಬಹುದು. ರಜೆಗೆ ಊರಿಗೆ ಹೋದಾಗ ವರ್ಷಗಳಿಂದ ಸೋಡಾ ಪುಡಿ ಕುಡಿಯುವ ಹಿರಿಯರು ಯಾರಾದ್ರೂ ಇದ್ರೆ, ಪಕ್ಕದಲ್ಲಿ ಊಟಕ್ಕೆ ಕೂತು ಇನ್ನೊಂದು ಪ್ರಶ್ನೆ ಕೇಳಿ: ಮೊದಲು ತಿನ್ನುತ್ತಿದ್ದದ್ದರಲ್ಲಿ ಈಗ ಯಾವುದನ್ನು ಬಿಟ್ಟಿದೀರಿ?